ಗ್ರಾಫಿನ ಕಂಬ ಎತ್ತರವಾದರೆ ಸ್ನಾಯು ಬೆಳೆದಂತೆಯೇ?

ಪುಣೆಯ ಬಾಣೇರ್‌ನಲ್ಲಿ ನಾನು ಹೋಗುವ ಜಿಮ್‌ನ ಗೋಡೆಯ ಮೇಲೆ ಒಂದು ಚಾರ್ಟ್ ಅಂಟಿಸಿದ್ದರು. ಅದರಲ್ಲಿ ಎರಡು ಕಂಬಗಳು. ಒಂದರ ಕೆಳಗೆ ‘ಹಿಪ್ ಥ್ರಸ್ಟ್’, ಇನ್ನೊಂದರ ಕೆಳಗೆ ‘ಸ್ಕ್ವಾಟ್’ ಎಂದು ಬರೆದಿತ್ತು. ಮೊದಲನೆಯದು ಎರಡನೆಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಎತ್ತರ. ಮೇಲ್ಗಡೆ ‘ಗ್ಲೂಟ್ ಇಎಂಜಿ’ ಎಂಬ ತಲೆಬರಹ. ಟ್ರೇನರ್ ಅದರ ಮೇಲೆ ಬೆರಳಿಟ್ಟು, “ಸರ್, ಸೈನ್ಸ್ ಇದೆ ನೋಡಿ. ಸ್ಕ್ವಾಟ್ ಮಾಡಿ ಮೊಣಕಾಲು ಯಾಕೆ ಸವೆಸುತ್ತೀರಿ? ಅರ್ಧ ಸಿಗ್ನಲ್ ಅಂದರೆ ಅರ್ಧ ಲಾಭ” ಎಂದ.

ನಾನು ದಿನವಿಡೀ ಸರ್ವರ್‌ಗಳ ಡ್ಯಾಶ್‌ಬೋರ್ಡ್ ನೋಡುವ ಮನುಷ್ಯ. ಎತ್ತರದ ಕಂಬ ಕಂಡರೆ ನಂಬುವುದು ಅಭ್ಯಾಸವಾಗಿ ಹೋಗಿದೆ. ಅಂದಿನಿಂದ ಬಾರ್ ಹೊತ್ತು ಬಸ್ಕಿ ಹೊಡೆಯುವುದನ್ನು ಬಿಟ್ಟೆ. ಬೆನ್ನನ್ನು ಬೆಂಚಿಗೆ ಆನಿಸಿ, ಸೊಂಟದ ಮೇಲೆ ಬಾರ್ ಇಟ್ಟುಕೊಂಡು ಸೊಂಟ ಎತ್ತುವ ಹಿಪ್ ಥ್ರಸ್ಟ್ ಒಂದನ್ನೇ ಐದು ತಿಂಗಳು ಮಾಡಿದೆ. ಎತ್ತುವ ತೂಕವೇನೋ ವಾರವಾರ ಏರುತ್ತಿತ್ತು.

ಐದು ತಿಂಗಳ ಕೊನೆಗೆ ಹಾವೇರಿ ಹತ್ತಿರದ ನಮ್ಮ ಊರಿನಲ್ಲಿ ಒಂದು ಗೃಹಪ್ರವೇಶ. ಪಂಕ್ತಿಯಲ್ಲಿ ನೆಲದ ಮೇಲೆ ಕೂತು ಊಟ ಮುಗಿಸಿ ಏಳುವಾಗ ತೊಡೆ ನಡುಗಿತು. ಎಡಗೈಯನ್ನು ನೆಲಕ್ಕೆ ಊರಿಯೇ ಎದ್ದೆ. ಪಕ್ಕದಲ್ಲಿದ್ದ ಎಪ್ಪತ್ತು ದಾಟಿದ ದೊಡ್ಡಪ್ಪ ಎರಡೂ ಕೈ ಬಿಟ್ಟು ಸಲೀಸಾಗಿ ಎದ್ದು ನಿಂತಿದ್ದರು. “ಏನೋ ತಮ್ಮಾ, ದಿನಾ ಜಿಮ್ಮಿಗೆ ಹೊಕ್ಕೀಯಂತ ಕೇಳಿದ್ದೆ. ನೆಲಕ್ಕ ಕೈ ಊರಿ ಏಳಾಕತ್ತೀಯಲ್ಲ?” ಎಂದು ಕೈ ತೊಳೆಯಲು ಹೊರಟೇಬಿಟ್ಟರು. ನಾಲ್ಕು ಜನ ನಕ್ಕರು, ನಾನೂ ನಕ್ಕೆ. ಆದರೆ ವಾಪಸು ಬರುವ ಬಸ್ಸಿನಲ್ಲಿ ತಲೆಯಲ್ಲಿ ಸುತ್ತುತ್ತಿದ್ದುದು ಆ ಚಾರ್ಟು. ಆ ಕಂಬ ಅಳೆದದ್ದಾದರೂ ಏನನ್ನು?

ಇಎಂಜಿ ಅಂದರೆ ಎಲೆಕ್ಟ್ರೋಮಯೋಗ್ರಫಿ. ಅದರಲ್ಲಿ ಚರ್ಮದ ಮೇಲೆ ಅಂಟಿಸಿ ಮಾಡುವ ಬಗೆಗೆ ಸರ್ಫೇಸ್ ಇಎಂಜಿ ಎನ್ನುತ್ತಾರೆ. ಇದಕ್ಕೆ ಸೂಜಿ ಬೇಕಿಲ್ಲ. ಇಸಿಜಿ ತೆಗೆಯುವಾಗ ಎದೆಗೆ ಅಂಟಿಸುವಂಥ ಎರಡು ಎಲೆಕ್ಟ್ರೋಡ್‌ಗಳನ್ನು ಸ್ನಾಯುವಿನ ಮೇಲಿನ ಚರ್ಮಕ್ಕೆ, ಸಾಮಾನ್ಯವಾಗಿ 20 ಮಿಲಿಮೀಟರ್ ಅಂತರದಲ್ಲಿ, ಸ್ನಾಯುವಿನ ಎಳೆಗಳ ಉದ್ದಕ್ಕೆ ಅಂಟಿಸುತ್ತಾರೆ. ಮೂರನೆಯದೊಂದನ್ನು ಮೂಳೆ ಹತ್ತಿರವಿರುವ ಕಡೆ ಹಾಕುತ್ತಾರೆ. ಯಂತ್ರವು ಮೊದಲೆರಡರ ನಡುವಿನ ವೋಲ್ಟೇಜ್ ವ್ಯತ್ಯಾಸವನ್ನು ಮಾತ್ರ ಹಿಗ್ಗಿಸಿ ದಾಖಲಿಸುತ್ತದೆ. ಎರಡಕ್ಕೂ ಒಂದೇ ರೀತಿ ತಾಗುವ ಹೊರಗಿನ ಗದ್ದಲ ಹೀಗೆ ಕಳೆಯುವುದರಿಂದ ಬಹುಪಾಲು ಮಾಯವಾಗುತ್ತದೆ.

ಆ ವೋಲ್ಟೇಜ್ ಎಲ್ಲಿಂದ ಬರುತ್ತದೆ? ಬೆನ್ನುಹುರಿಯಿಂದ ಹೊರಡುವ ಒಂದೊಂದು ನರಕೋಶದ ಕೈಕೆಳಗೆ ಸ್ನಾಯುವಿನ ಒಂದಷ್ಟು ಎಳೆಗಳಿರುತ್ತವೆ. ತೊಡೆಯಂಥ ದೊಡ್ಡ ಸ್ನಾಯುವಿನಲ್ಲಿ ಅದು ನೂರಾರು ಎಳೆಗಳ ಗುಂಪು. ನರಕೋಶ ಮತ್ತು ಅದರ ಗುಂಪು ಸೇರಿ ಒಂದು ‘ಮೋಟರ್ ಯೂನಿಟ್’. ನರಕೋಶ ಒಂದು ಆಜ್ಞೆ ಕಳಿಸಿದರೆ ಆ ಗುಂಪಿನ ಎಲ್ಲ ಎಳೆಗಳಲ್ಲೂ ಒಂದು ವಿದ್ಯುತ್ ಅಲೆ ಏಳುತ್ತದೆ. ನರ ಬಂದು ಸೇರುವ ಜಾಗದಿಂದ ಎರಡೂ ತುದಿಗಳ ಕಡೆಗೆ, ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಅದು ಓಡುತ್ತದೆ. ಅಲೆ ಹಾದುಹೋದ ಮೇಲೆ ಎಳೆ ಬಿಗಿಯುತ್ತದೆ. ಎಲೆಕ್ಟ್ರೋಡ್‌ಗೆ ಕೇಳಿಸುವುದು ಆ ಅಲೆ. ಅದರ ನಂತರದ ಬಿಗಿತ ಕೇಳಿಸುವುದಿಲ್ಲ.

ಪುಣೆಯಲ್ಲಿರುವವರಿಗೆ ಇದನ್ನು ಹೇಳುವುದು ಸುಲಭ. ಗಣೇಶ ಹಬ್ಬಕ್ಕೆ ಕೆಲವು ವಾರ ಮುಂಚೆ ಢೋಲ್-ತಾಶಾ ಪಥಕಗಳ ಅಭ್ಯಾಸ ಶುರುವಾಗುತ್ತದಲ್ಲ, ನಮ್ಮ ಮನೆಯ ಕಿಟಕಿ ಮುಚ್ಚಿದರೂ ಆ ಸದ್ದು ಒಳಗೆ ಬರುತ್ತದೆ. ಮೂರನೇ ಮಹಡಿಯಲ್ಲಿ ಕೂತು ಕೇಳಿದರೆ ಎಷ್ಟು ಢೋಲ್ ಇರಬಹುದು, ಎಷ್ಟು ಬೇಗ ಬಡಿಯುತ್ತಿದ್ದಾರೆ ಎಂದು ಅಂದಾಜು ಸಿಗುತ್ತದೆ. ಆದರೆ ಕಿಟಕಿಗೆ ಹತ್ತಿರ ಇರುವ ಢೋಲ್ ಒಂದೇ ಹತ್ತರಷ್ಟು ಕೇಳಿಸುತ್ತದೆ, ಬೀದಿಯ ಆ ತುದಿಯದು ಕೇಳಿಸುವುದೇ ಇಲ್ಲ. ಇನ್ನು ಮೆರವಣಿಗೆ ಎಷ್ಟು ಮುಂದೆ ಸಾಗಿತು ಎಂಬುದನ್ನಂತೂ ಸದ್ದಿನಿಂದ ಹೇಳಲಾಗದು. ಸರ್ಫೇಸ್ ಇಎಂಜಿ ಮಹಡಿಯ ಮೇಲೆ ಕೂತು ಕೇಳುವ ಆ ಕಿವಿಯಂತೆ. ನಡುವೆ ಇರುವ ಗೋಡೆ ನಮ್ಮ ಚರ್ಮ ಮತ್ತು ಅದರಡಿಯ ಕೊಬ್ಬು. ಕೊಬ್ಬು ದಪ್ಪವಾದಷ್ಟೂ ಸದ್ದು ಸಣ್ಣದು. ಪಕ್ಕದ ಬೀದಿಯ ಪಥಕದ ಸದ್ದು ಇದರೊಳಗೆ ಸೇರುವಂತೆ ಪಕ್ಕದ ಸ್ನಾಯುವಿನ ಸಿಗ್ನಲ್ಲೂ ಸೇರಿಬಿಡುತ್ತದೆ.

ಓದಿ ತೃಪ್ತಿಯಾಗಲಿಲ್ಲ. ಹವ್ಯಾಸಿಗಳಿಗೆಂದು ಸಿಗುವ ಒಂದು ಇಎಂಜಿ ಸೆನ್ಸರ್ ತರಿಸಿ, ಎರಡು ಭಾನುವಾರ ಊಟದ ಮೇಜನ್ನು ಪ್ರಯೋಗಶಾಲೆ ಮಾಡಿದೆ. ಇಂಥ ಸೆನ್ಸರ್‌ಗಳಲ್ಲಿ ಕೆಲವು ಒಳಗೇ ಸಂಸ್ಕರಿಸಿದ ನಯವಾದ ಗೆರೆಯನ್ನು ಮಾತ್ರ ಕೊಡುತ್ತವೆ. ಕಚ್ಚಾ ಸಿಗ್ನಲ್ ಕೊಡುವ ಪಿನ್ ಇದೆಯೇ ಎಂದು ನೋಡಿಯೇ ಕೊಳ್ಳಬೇಕು. ಲ್ಯಾಪ್‌ಟಾಪನ್ನು ಚಾರ್ಜರ್‌ನಿಂದ ಬಿಡಿಸಿ ಬ್ಯಾಟರಿಯಲ್ಲೇ ಓಡಿಸಬೇಕು. ಮೈಗೆ ತಂತಿ ಅಂಟಿಸಿಕೊಂಡಿರುವಾಗ ಗೋಡೆಯ ಪ್ಲಗ್ಗಿಗೂ ನಮಗೂ ನಂಟು ಬೇಡ ಎಂಬುದು ಮೊದಲ ಕಾರಣ. ಎರಡನೆಯದು ನನಗೆ ಅನುಭವದಿಂದ ಗೊತ್ತಾಯಿತು: ಮೊದಲ ದಿನ ಪರದೆಯ ಮೇಲೆ ಬಹಳ ಚಂದದ, ಒಂದೇ ಸಮನಾದ ಅಲೆ ಬಂತು. ಕೈ ಪೂರ್ತಿ ಸಡಿಲ ಬಿಟ್ಟರೂ ಹಾಗೇ ಇತ್ತು. ಎಣಿಸಿದರೆ ಸೆಕೆಂಡಿಗೆ ಸರಿಯಾಗಿ 50. ನಾನು ಅಷ್ಟು ಹೊತ್ತು ನೋಡಿ ಖುಷಿಪಟ್ಟದ್ದು ಮನೆಯ ವಿದ್ಯುತ್ತನ್ನು. ನಿಜವಾದ ಇಎಂಜಿ ಹಾಗೆ ಅಚ್ಚುಕಟ್ಟಾಗಿರುವುದಿಲ್ಲ, ಗೀಚಿದಂತೆ ಇರುತ್ತದೆ. ಕೈ ಸಡಿಲ ಬಿಟ್ಟಾಗ ಹೆಚ್ಚುಕಡಿಮೆ ಸಪಾಟಾಗುತ್ತದೆ.

ಆ ಗೀಚು ಶೂನ್ಯದ ಮೇಲೂ ಕೆಳಗೂ ಜಿಗಿಯುತ್ತಿರುತ್ತದೆ. ಸುಮ್ಮನೆ ಸರಾಸರಿ ತೆಗೆದರೆ ಸೊನ್ನೆಯ ಹತ್ತಿರ ಬರುತ್ತದೆ. ಆದ್ದರಿಂದ ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ತೆಗೆಯುತ್ತಾರೆ. ಸೆಕೆಂಡಿಗೆ 1000 ಸಲ ದಾಖಲಿಸಿ, ಕಾಲು ಸೆಕೆಂಡಿನ ತುಂಡುಗಳಲ್ಲಿ ನಾನು ಮಾಡಿದ್ದು ಇಷ್ಟೇ:

```python
x = raw - raw.mean()
w = 250
rms = [np.sqrt(np.mean(x[i:i+w]**2))
       for i in range(0, len(x)-w+1, w)]
```

ಲ್ಯಾಬ್‌ಗಳಲ್ಲಿ ಇದಕ್ಕೂ ಮುಂಚೆ ಫಿಲ್ಟರ್ ಹಾಕಿ, ಮೈ ಅಲುಗಾಟದಿಂದ ಬರುವ ನಿಧಾನದ ಅಲೆಗಳನ್ನು ತೆಗೆದುಹಾಕುತ್ತಾರೆ. ಉಳಿದಂತೆ ಜಿಮ್ ಚಾರ್ಟುಗಳ ಕಂಬಗಳು ಹುಟ್ಟುವುದು ಹೆಚ್ಚುಕಡಿಮೆ ಈ ನಾಲ್ಕು ಸಾಲುಗಳಿಂದಲೇ.

ಮೊದಲ ಪ್ರಯೋಗ ತುಂಬಾ ಸರಳ. ತೋಳಿನ ಬೈಸೆಪ್ಸ್ ಮೇಲೆ ಎಲೆಕ್ಟ್ರೋಡ್ ಅಂಟಿಸಿ, ಮೊಣಕೈಯನ್ನು ಲಂಬಕೋನದಲ್ಲಿ ಮಡಚಿ, 6 ಕಿಲೋ ಡಂಬೆಲ್ ಹಿಡಿದು ಅಲುಗಾಡದೆ ಒಂದೂವರೆ ನಿಮಿಷ ನಿಂತೆ. ಮೊದಲ 10 ಸೆಕೆಂಡಿನ ಅಂಕಿಯನ್ನು 100 ಎಂದಿಟ್ಟುಕೊಂಡರೆ ಕೊನೆಯ 10 ಸೆಕೆಂಡಿನದು 170ರ ಆಸುಪಾಸು. ಡಂಬೆಲ್ ಆರಂಭದಲ್ಲೂ 6 ಕಿಲೋ, ಕೊನೆಯಲ್ಲೂ 6 ಕಿಲೋ. ಕೈ ಒಂದಿಂಚೂ ಮೇಲೇರಿಲ್ಲ. ಸಿಗ್ನಲ್ ಮಾತ್ರ ಏರಿದೆ.

ಇದಕ್ಕೆ ಎರಡು ಕಾರಣ. ಎಳೆಗಳು ದಣಿದಂತೆ ಒಂದೊಂದರ ಬಲ ಕುಗ್ಗುತ್ತದೆ. ಅದೇ ತೂಕ ಹಿಡಿದಿರಲು ಬೆನ್ನುಹುರಿ ಹೊಸ ಮೋಟರ್ ಯೂನಿಟ್‌ಗಳನ್ನು ಕೆಲಸಕ್ಕೆ ಕರೆಯಬೇಕಾಗುತ್ತದೆ. ಇದು ಶರೀರ ನಿಜಕ್ಕೂ ಮಾಡುವ ಬದಲಾವಣೆ. ಎರಡನೆಯ ಕಾರಣ ಬರೀ ಅಳತೆಯದ್ದು. ದಣಿದ ಎಳೆಯಲ್ಲಿ ವಿದ್ಯುತ್ ಅಲೆಯ ಓಟ ನಿಧಾನವಾಗುತ್ತದೆ. ನಿಧಾನವಾದ ಅಲೆ ಎಲೆಕ್ಟ್ರೋಡ್ ಕೆಳಗೆ ಹೆಚ್ಚು ಹೊತ್ತು ಇರುತ್ತದೆ, ಹಾಗಾಗಿ ಲೆಕ್ಕದಲ್ಲಿ ದೊಡ್ಡದಾಗಿ ಕಾಣುತ್ತದೆ. ಸ್ನಾಯು ಒಂದಿಷ್ಟೂ ಹೆಚ್ಚು ಎಳೆಯದಿದ್ದರೂ ಕಂಬ ಬೆಳೆಯುತ್ತದೆ. ನಮ್ಮ ಕ್ಷೇತ್ರದವರಿಗೆ ಇದು ಹೊಸದಲ್ಲ: ಸಿಪಿಯು 90 ಪ್ರತಿಶತ ಓಡುತ್ತಿದೆ ಎಂದರೆ ಹೆಚ್ಚು ಗ್ರಾಹಕರಿಗೆ ಉತ್ತರ ಹೋಗುತ್ತಿದೆ ಎಂದೇನೂ ಅಲ್ಲ. ಎಲ್ಲೋ ಏನೋ ಏಗುತ್ತಿದೆ ಎಂದೂ ಇರಬಹುದು.

ಎರಡನೆಯ ಪ್ರಯೋಗದಲ್ಲಿ ತೂಕ, ಭಂಗಿ ಯಾವುದನ್ನೂ ಬದಲಾಯಿಸದೆ, ಸಾಕಷ್ಟು ವಿಶ್ರಾಂತಿ ಕೊಟ್ಟು, ಎಲೆಕ್ಟ್ರೋಡ್‌ಗಳನ್ನು ಎರಡು ಬೆರಳಷ್ಟು ಮೇಲಕ್ಕೆ ಸರಿಸಿದೆ. ಅಂಕಿ ಅರ್ಧಕ್ಕಿಳಿಯಿತು. ಕಾರಣ ಮೇಲೆ ಹೇಳಿದ್ದರಲ್ಲೇ ಇದೆ. ನರ ಸೇರುವ ಜಾಗದಿಂದ ಅಲೆ ಎರಡು ದಿಕ್ಕಿಗೆ ಓಡುತ್ತದೆ. ಆ ಜಾಗ ಎರಡು ಎಲೆಕ್ಟ್ರೋಡ್‌ಗಳ ಸರಿಮಧ್ಯ ಬಂದರೆ ಎರಡಕ್ಕೂ ಒಂದೇ ಹೊತ್ತಿಗೆ ಒಂದೇ ಬಗೆಯ ಅಲೆ ತಲುಪುತ್ತದೆ. ವ್ಯತ್ಯಾಸವನ್ನಷ್ಟೇ ನೋಡುವ ಯಂತ್ರಕ್ಕೆ ಅದು ಬಹುಪಾಲು ಸೊನ್ನೆ! ಸ್ನಾಯು ಪೂರ್ತಿ ಕೆಲಸ ಮಾಡುತ್ತಿದ್ದರೂ ಅಳತೆ ಸಣ್ಣದಾಗುತ್ತದೆ. ಇದು ಚಲನೆ ಇರುವ ವ್ಯಾಯಾಮಗಳಲ್ಲಿ ಇನ್ನೂ ತಲೆನೋವು. ಕೀಲು ಮಡಚಿ ಬಿಚ್ಚುವಾಗ ಚರ್ಮ ಇದ್ದಲ್ಲೇ ಇರುತ್ತದೆ, ಅದರಡಿಯ ಸ್ನಾಯು ಜಾರುತ್ತದೆ. ಎಲೆಕ್ಟ್ರೋಡ್ ನಾವು ಸರಿಸದಿದ್ದರೂ ಸರಿದಂತೆಯೇ.

ಮೂರನೆಯದು ನನಗೆ ಅತಿ ಹೆಚ್ಚು ಆಶ್ಚರ್ಯ ತಂದದ್ದು. ಅದೇ ಡಂಬೆಲನ್ನು ಮೂರು ಸೆಕೆಂಡ್ ಎತ್ತಿ, ಮೂರು ಸೆಕೆಂಡ್ ಇಳಿಸಿದೆ. ಇಳಿಸುವಾಗಿನ ಸಿಗ್ನಲ್ ಎತ್ತುವಾಗಿನದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ತೂಕವಂತೂ ಅದೇ. ಉದ್ದವಾಗುತ್ತಾ ಭಾರ ತಡೆಯುವ ಎಳೆಯೊಂದು, ಗಿಡ್ಡವಾಗುತ್ತಾ ಎತ್ತುವ ಎಳೆಗಿಂತ ಹೆಚ್ಚು ಬಲ ತಾಳಬಲ್ಲದು. ಆದ್ದರಿಂದ ಕಡಿಮೆ ಯೂನಿಟ್‌ಗಳು ಸಾಕಾಗುತ್ತವೆ. ಕೆಲಸ ಮಾಡುವ ಒಂದೊಂದು ಎಳೆಯ ಮೇಲಿನ ಎಳೆತ ಮಾತ್ರ ಹೆಚ್ಚೇ. ಸಿಗ್ನಲ್ ಕಡಿಮೆ ಎಂದು ತೂಕವನ್ನು ಧಡಕ್ಕನೆ ಬಿಡುವವರು ವ್ಯಾಯಾಮದ ಅರ್ಧ ಭಾಗವನ್ನೇ ಕಳೆದುಕೊಳ್ಳುತ್ತಾರೆ. ಇಳಿಸುವ ಹಂತಕ್ಕೇ ಒತ್ತು ಕೊಟ್ಟ ತರಬೇತಿಯಲ್ಲೂ ಸ್ನಾಯು ಎತ್ತುವ ತರಬೇತಿಯಷ್ಟೇ ಚೆನ್ನಾಗಿ ಬೆಳೆಯುತ್ತದೆ ಎಂಬುದು ಮತ್ತೆ ಮತ್ತೆ ಕಂಡಿರುವ ಸಂಗತಿ.

ಈಗ ಚಾರ್ಟಿಗೆ ಬರೋಣ. ಅದರ ಮೂಲ 2015ರ ಒಂದು ಅಧ್ಯಯನ ಎಂದು ಹುಡುಕಿದಾಗ ತಿಳಿಯಿತು. ಹಿಪ್ ಥ್ರಸ್ಟನ್ನು ಜನಪ್ರಿಯಗೊಳಿಸಿದ ಅಮೆರಿಕದ ಬ್ರೆಟ್ ಕಾಂಟ್ರೆರಾಸ್ ಮತ್ತು ಸಂಗಡಿಗರದು. ತರಬೇತಿ ಪಡೆದಿದ್ದ 13 ಮಹಿಳೆಯರು ಎರಡೂ ವ್ಯಾಯಾಮಗಳನ್ನು ಮಾಡಿದರು. ಪೃಷ್ಠದ ದೊಡ್ಡ ಸ್ನಾಯುವಿನ, ಅಂದರೆ ಗ್ಲೂಟಿಯಸ್ ಮ್ಯಾಕ್ಸಿಮಸ್‌ನ, ಮೇಲ್ಭಾಗದಲ್ಲಿ ಸರಾಸರಿ ಸಿಗ್ನಲ್ ಹಿಪ್ ಥ್ರಸ್ಟ್‌ನಲ್ಲಿ ಸುಮಾರು 70 ಪ್ರತಿಶತ, ಸ್ಕ್ವಾಟ್‌ನಲ್ಲಿ ಸುಮಾರು 29. ನಮ್ಮ ಗೋಡೆಯ ಕಂಬಗಳು ಇವೇ. ಅಳತೆಯಲ್ಲಿ ಮೋಸವೇನೂ ಇಲ್ಲ.

ಆದರೆ ಯಾವುದರ ಪ್ರತಿಶತ? ಕಚ್ಚಾ ಮೈಕ್ರೋವೋಲ್ಟ್‌ಗಳನ್ನು ವ್ಯಕ್ತಿಯಿಂದ ವ್ಯಕ್ತಿಗೆ ಹೋಲಿಸಲು ಬರುವುದಿಲ್ಲ. ಒಬ್ಬರ ಕೊಬ್ಬು ದಪ್ಪ, ಇನ್ನೊಬ್ಬರದು ತೆಳು. ಅದಕ್ಕೇ ಮೊದಲು ಒಂದು ಭಂಗಿಯಲ್ಲಿ ಅಲುಗಾಡದೆ ಪೂರ್ತಿ ಶಕ್ತಿ ಹಾಕಿಸಿ, ಆಗ ಬಂದ ಸಿಗ್ನಲನ್ನು 100 ಎಂದು ಕರೆಯುತ್ತಾರೆ. ಹಾಗಾದರೆ ಯಾವುದೂ 100 ದಾಟಬಾರದಲ್ಲವೇ? ಅದೇ ಅಧ್ಯಯನದಲ್ಲಿ ಹಿಪ್ ಥ್ರಸ್ಟ್‌ನ ಗರಿಷ್ಠ ಸಿಗ್ನಲ್ 172 ಪ್ರತಿಶತ! ತನ್ನ ಪೂರ್ಣ ಶಕ್ತಿಗಿಂತ ಮುಕ್ಕಾಲು ಪಟ್ಟು ಹೆಚ್ಚು ಶಕ್ತಿಯನ್ನು ಯಾರೂ ಹಾಕಲಾರರು. 100 ಎಂಬ ಗೆರೆ ಬೇರೊಂದು ಭಂಗಿಯಲ್ಲಿ ಎಳೆದದ್ದು, ಭಂಗಿ ಬದಲಾದಾಗ ಅಳತೆಗೋಲೂ ಬದಲಾಗಿದೆ ಎಂದಷ್ಟೇ ಇದರ ಅರ್ಥ.

ಚಾರ್ಟಿನಿಂದ ಬೆಳವಣಿಗೆಗೆ ಜಿಗಿಯುವುದು ಸರಿಯೇ ಎಂದು ನೋಡಲು ಇರುವ ದಾರಿ ಒಂದೇ. ಎರಡು ಗುಂಪು ಮಾಡಿ, ಒಂದೊಂದಕ್ಕೆ ಒಂದೊಂದು ವ್ಯಾಯಾಮ ಕೊಟ್ಟು, ಕೊನೆಗೆ ಸ್ನಾಯುವನ್ನೇ ಅಳೆಯುವುದು. ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದಲ್ಲಿ ಅದನ್ನು ಮಾಡಿದರು, 2023ರಲ್ಲಿ ಪ್ರಕಟವಾಯಿತು. ಮೊದಲು ವ್ಯಾಯಾಮ ಮಾಡಿ ಅಭ್ಯಾಸವಿಲ್ಲದ ಕಾಲೇಜು ವಯಸ್ಸಿನ 34 ಜನ, ಹಿಪ್ ಥ್ರಸ್ಟ್‌ಗೆ 18, ಸ್ಕ್ವಾಟ್‌ಗೆ 16. ಎರಡೂ ಗುಂಪಿಗೆ ಅಷ್ಟೇ ಸಂಖ್ಯೆಯ ಸೆಟ್‌ಗಳು. ಮೊದಲ ದಿನವೇ ಪೃಷ್ಠದ ಸ್ನಾಯುಗಳ ಇಎಂಜಿ ತೆಗೆದರು. ನಂತರ ಮೇಲ್ವಿಚಾರಣೆಯಲ್ಲಿ 9 ವಾರ ತರಬೇತಿ. ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಎಂಆರ್‌ಐ ತೆಗೆದು ಸ್ನಾಯುವಿನ ಅಡ್ಡಕೊಯ್ತದ ವಿಸ್ತೀರ್ಣ ಅಳೆದರು. ಈ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಕಾಂಟ್ರೆರಾಸ್ ಕೂಡ ಇದ್ದಾರೆ ಎಂಬುದು ನನಗೆ ಇಷ್ಟವಾಯಿತು. ತನ್ನ ಹೆಸರಿನೊಂದಿಗೇ ಅಂಟಿಕೊಂಡಿರುವ ವ್ಯಾಯಾಮವನ್ನು ಇಂಥ ಪರೀಕ್ಷೆಗೆ ಒಡ್ಡಲು ಎಲ್ಲರೂ ಒಪ್ಪುವುದಿಲ್ಲ.

ಮೊದಲ ದಿನದ ಇಎಂಜಿ ನಿರೀಕ್ಷೆಯಂತೆಯೇ ಬಂತು: ಅಳೆದ ಎಲ್ಲ ಜಾಗಗಳಲ್ಲೂ ಹಿಪ್ ಥ್ರಸ್ಟ್‌ನ ಸರಾಸರಿ ಹೆಚ್ಚು. ಒಂಬತ್ತು ವಾರಗಳ ನಂತರದ ಎಂಆರ್‌ಐನಲ್ಲಿ ಪೃಷ್ಠದ ದೊಡ್ಡ ಸ್ನಾಯುವಿನ ಬೆಳವಣಿಗೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಹಿಪ್ ಥ್ರಸ್ಟ್ ಕಡೆ ಸ್ವಲ್ಪ ವಾಲಿದರೂ, ವ್ಯಕ್ತಿಯಿಂದ ವ್ಯಕ್ತಿಗೆ ಇದ್ದ ಏರುಪೇರಿನ ಮುಂದೆ ಅದನ್ನು ಗೆಲುವು ಎನ್ನುವಂತಿಲ್ಲ. ಮೊದಲ ದಿನ ಯಾರಿಗೆ ಸಿಗ್ನಲ್ ಜೋರಾಗಿತ್ತೋ ಅವರಿಗೇ ಹೆಚ್ಚು ಬೆಳೆಯಿತೇ ಎಂದೂ ನೋಡಿದರು. ಭರವಸೆ ಇಡುವಂಥ ಸಂಬಂಧ ಸಿಗಲಿಲ್ಲ. ಒಂದು ವ್ಯತ್ಯಾಸ ಮಾತ್ರ ಸ್ಪಷ್ಟವಾಗಿತ್ತು. ತೊಡೆಯ ಮುಂಭಾಗ ಮತ್ತು ಒಳತೊಡೆಯ ಸ್ನಾಯುಗಳು ಸ್ಕ್ವಾಟ್ ಗುಂಪಿನಲ್ಲಿ ಹೆಚ್ಚು ಬೆಳೆದಿದ್ದವು. ಪಂಕ್ತಿಯಲ್ಲಿ ನನಗೆ ಕೈಕೊಟ್ಟದ್ದು ಅದೇ ತೊಡೆ. ಗ್ಲೂಟ್ ಮೇಲೆ ಅಂಟಿಸಿದ ಎಲೆಕ್ಟ್ರೋಡ್‌ಗೆ ತೊಡೆಯ ಸುದ್ದಿ ಹೇಗೆ ಗೊತ್ತಾಗಬೇಕು?

34 ಜನ, ಹೊಸಬರು, 9 ವಾರ. ವರ್ಷಗಟ್ಟಲೆ ಪಳಗಿದವರಿಗೆ ಇದನ್ನೇ ಅನ್ವಯಿಸಲಾಗದು ಎಂದು ಹೇಳುವವರ ಮಾತಿನಲ್ಲಿ ತಥ್ಯವಿದೆ. ಆದರೆ ಎರಡು ಪಟ್ಟು ಸಿಗ್ನಲ್ ಎಂದರೆ ಎರಡು ಪಟ್ಟು ಲಾಭ ಎಂಬುದು ನಿಜವಾಗಿದ್ದರೆ, ಅಷ್ಟು ದೊಡ್ಡ ಅಂತರ ಎಂಆರ್‌ಐನಲ್ಲಿ ಅಡಗಿ ಕೂರುತ್ತಿರಲಿಲ್ಲ.

ಹಾಗಾದರೆ ಸಿಗ್ನಲ್ ಅಷ್ಟು ಬೇರೆ, ಬೆಳವಣಿಗೆ ಒಂದೇ, ಇದು ಹೇಗೆ? ಸ್ನಾಯು ಬೆಳೆಯಲು ಮುಖ್ಯ ಪ್ರಚೋದನೆ ಎಳೆಗಳು ತಾಳುವ ಎಳೆತ. ಹಿಪ್ ಥ್ರಸ್ಟ್‌ನಲ್ಲಿ ಭಾರ ಅತಿ ಹೆಚ್ಚು ಕಾಡುವುದು ಸೊಂಟ ಮೇಲೆದ್ದು ನೇರವಾದಾಗ. ಆಗ ಪೃಷ್ಠದ ಸ್ನಾಯು ಮುದುಡಿ ಗಿಡ್ಡವಾಗಿರುತ್ತದೆ. ಪೂರ್ತಿ ಮುದುಡಿದ ಸ್ನಾಯುವಿನ ಎಳೆಗಳಿಗೆ ಬಲ ತೆಗೆಯುವುದು ಕಷ್ಟ. ನಿಮ್ಮ ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಮಡಚಿ ಮುಷ್ಟಿ ಬಿಗಿಯಲು ನೋಡಿ, ಹಿಡಿತ ಸಡಿಲವಾಗುತ್ತದೆ. ಎಷ್ಟು ಪ್ರಯತ್ನ ಹಾಕಿದರೂ ಬಲ ಬರುವುದಿಲ್ಲ, ಆದರೆ ಪ್ರಯತ್ನವೇನೋ ಜೋರಾಗಿಯೇ ಇರುತ್ತದೆ. ಆ ಪ್ರಯತ್ನವನ್ನು ಇಎಂಜಿ ನಿಷ್ಠೆಯಿಂದ ದಾಖಲಿಸುತ್ತದೆ. ಜೊತೆಗೆ ಮುದುಡಿದ ಸ್ನಾಯು ಉಬ್ಬಿ, ಎಲೆಕ್ಟ್ರೋಡ್ ಕೆಳಗೆ ಇರುವ ವಸ್ತುವೇ ಬದಲಾಗಿರುತ್ತದೆ.

ಬಸ್ಕಿಯಲ್ಲಿ ಇದಕ್ಕೆ ತಿರುವುಮುರುವು. ಅತಿ ಕಷ್ಟದ ಹಂತ ಕೆಳಗೆ ಕೂತಾಗಿನದು. ಆಗ ಪೃಷ್ಠದ ಸ್ನಾಯು ಉದ್ದಕ್ಕೆ ಹಿಗ್ಗಿರುತ್ತದೆ, ಏಳುವ ಭಾರವನ್ನು ತೊಡೆ ಮತ್ತು ಒಳತೊಡೆಯ ಸ್ನಾಯುಗಳೂ ಹಂಚಿಕೊಳ್ಳುತ್ತವೆ. ಸಿಗ್ನಲ್ ಸಾಧಾರಣ. ಆದರೆ ಹಿಗ್ಗಿದ ಎಳೆಯೊಳಗಿನ ಸ್ಪ್ರಿಂಗಿನಂಥ ಪ್ರೋಟೀನುಗಳು ಯಾವ ವಿದ್ಯುತ್ ಆಜ್ಞೆಯೂ ಇಲ್ಲದೆ ಎಳೆತವನ್ನು ಹೊರುತ್ತವೆ. ಆ ಎಳೆತ ಎಲೆಕ್ಟ್ರೋಡ್‌ಗೆ ಕಾಣುವುದೇ ಇಲ್ಲ. ಕೆಳಗಿಳಿಯುವ ಅರ್ಧದಲ್ಲಿ, ನನ್ನ ಡಂಬೆಲ್ ಪ್ರಯೋಗದಂತೆ, ಕಡಿಮೆ ಸದ್ದಿನಲ್ಲಿ ಹೆಚ್ಚು ಭಾರ. ಆಬರ್ನ್ ಅಧ್ಯಯನದ ಫಲಿತಾಂಶಕ್ಕೆ ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಭಾಗ ಮಾಡಿ ಹೇಳಲಾಗದು. ಎಳೆತವನ್ನು ನೇರವಾಗಿ ಅಳೆಯುವ ಸಾಧನ ಯಾರ ಪೃಷ್ಠದಲ್ಲೂ ಇರಲಿಲ್ಲ.

ಇದೇ ಮಾತು ಇನ್ನೊಂದು ಕಡೆಯಿಂದಲೂ ಕಾಣುತ್ತದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯುವಕರು 10 ವಾರ ಕಾಲು ಚಾಚುವ ಯಂತ್ರದಲ್ಲಿ ತರಬೇತಿ ಪಡೆದರು. ಒಂದು ಕಡೆ ಗರಿಷ್ಠ ತೂಕದ 80 ಪ್ರತಿಶತ, ಇನ್ನೊಂದು ಕಡೆ ಬರೀ 30 ಪ್ರತಿಶತ, ಎರಡರಲ್ಲೂ ಮೂರು ಸೆಟ್, ಇನ್ನು ಆಗದು ಎನ್ನುವವರೆಗೆ. ತೊಡೆಯ ಸ್ನಾಯು ಎರಡರಲ್ಲೂ ಹತ್ತಿರಹತ್ತಿರ ಅಷ್ಟೇ ಬೆಳೆಯಿತು. ಹಗುರ ತೂಕದಲ್ಲಿ ಆಗದು ಎನ್ನುವವರೆಗೆ ಹೋದರೂ ಸಿಗ್ನಲ್ ಭಾರ ತೂಕದ ಮಟ್ಟ ಮುಟ್ಟುವುದಿಲ್ಲ ಎಂದು ಬೇರೆ ಅಧ್ಯಯನಗಳು ತೋರಿಸಿವೆ. ಭಾರದಲ್ಲಿ ಎಲ್ಲ ಢೋಲುಗಳೂ ಒಟ್ಟಿಗೆ ಬಾರಿಸುತ್ತವೆ. ಹಗುರದಲ್ಲಿ ಕೆಲವು ದಣಿದು ನಿಂತಾಗ ಬೇರೆಯವು ಎತ್ತಿಕೊಳ್ಳುತ್ತವೆ. ಕೊನೆಗೆ ಎಲ್ಲರದೂ ಕೈ ನೋಯುತ್ತದೆ, ಆದರೆ ಯಾವುದೇ ಒಂದು ಕ್ಷಣದಲ್ಲಿ ಕೇಳಿಸುವ ಸದ್ದು ಸಣ್ಣದು. ಇದು ತಜ್ಞರು ಮುಂದಿಡುವ ಒಂದು ವಿವರಣೆ, ನನಗೆ ಒಪ್ಪಿಗೆಯಾಗುವಂಥದ್ದು.

ಇಎಂಜಿಯನ್ನು ನಾನು ತಳ್ಳಿಹಾಕುತ್ತಿಲ್ಲ. ನಡೆಯುವಾಗ ಯಾವ ಸ್ನಾಯು ಯಾವ ಕ್ಷಣದಲ್ಲಿ ಎಚ್ಚರಗೊಂಡಿತು, ಯಾವಾಗ ನಿಂತಿತು ಎಂಬುದನ್ನು ಇಷ್ಟು ಸುಲಭವಾಗಿ ಹೇಳುವ ಸಾಧನ ಬೇರಿಲ್ಲ. ಮಂಡಿಯ ಆಪರೇಷನ್ ಆದವರಿಗೆ ತೊಡೆಯ ಸ್ನಾಯು ಮತ್ತೆ ಆಜ್ಞೆ ಕೇಳುತ್ತಿದೆಯೇ ಎಂದು ಪರದೆಯ ಮೇಲೆ ತೋರಿಸಿ ತರಬೇತಿ ಕೊಡುವ ಫಿಸಿಯೋಥೆರಪಿಸ್ಟ್‌ಗಳಿದ್ದಾರೆ. ಒಬ್ಬನೇ ವ್ಯಕ್ತಿ, ಅದೇ ದಿನ, ಅಂಟಿಸಿದ ಎಲೆಕ್ಟ್ರೋಡ್ ಕೀಳದೆ, ಅದೇ ಭಂಗಿಯಲ್ಲಿ, ದಣಿಯುವ ಮುನ್ನ ಮಾಡಿದ ಹೋಲಿಕೆಯಾದರೆ ಹೆಚ್ಚು ಸಿಗ್ನಲ್ ಎಂದರೆ ಹೆಚ್ಚು ಪ್ರಚೋದನೆ ಎಂದು ಬಹುಮಟ್ಟಿಗೆ ನಂಬಬಹುದು. ಈ ಷರತ್ತುಗಳಲ್ಲಿ ಭಂಗಿಯನ್ನು ಬದಲಿಸಿದರೂ ಸಾಕು, ಹೋಲಿಕೆ ಕುಂಟುತ್ತದೆ. ಬೇರೆ ಬೇರೆ ವ್ಯಾಯಾಮಗಳನ್ನು ಹೋಲಿಸುವ ಜಿಮ್ ಚಾರ್ಟುಗಳು ಬದಲಿಸುವುದು ಮೊದಲು ಅದನ್ನೇ.

ಇದೆಲ್ಲವನ್ನೂ ಒಂದು ಸಂಜೆ ಟ್ರೇನರ್‌ಗೆ ಹೇಳಿದೆ. ಒಳ್ಳೆಯ ಹುಡುಗ, ಫೋನಿನಲ್ಲಿ ತೋರಿಸಿದ ಎಂಆರ್‌ಐ ಫಲಿತಾಂಶವನ್ನು ಎರಡು ಸಲ ಓದಿದ. “ಹಾಗಾದರೆ ಕ್ಲೈಂಟ್‌ಗೆ ಬೆಳೀತಾ ಇದೆ ಅಂತ ಹೇಗೆ ತೋರಿಸೋದು ಸರ್?” ಎಂದು ಕೇಳಿದ. ನನ್ನ ಬಳಿ ಇದ್ದದ್ದು ಹಳೆಯ ಉತ್ತರವೇ: ಅದೇ ಆಳಕ್ಕೆ ಇಳಿದು ಎತ್ತುವ ತೂಕ ಮತ್ತು ಎಣಿಕೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡು, ತಿಂಗಳಿಗೊಮ್ಮೆ ಟೇಪು ಹಿಡಿ. ಅವನಿಗೆ ಅಷ್ಟು ರುಚಿಸಲಿಲ್ಲ.

ನನ್ನ ಪಟ್ಟಿಗೆ ಬಸ್ಕಿ ವಾರಕ್ಕೆ ಎರಡು ದಿನದಂತೆ ಮರಳಿ ಬಂದಿದೆ, ಹಿಪ್ ಥ್ರಸ್ಟ್ ಒಂದು ದಿನ ಉಳಿದಿದೆ. ಹಳೆಯ ತೂಕದ ಮುಕ್ಕಾಲು ಪಾಲಿನಿಂದ ಶುರು ಮಾಡಬೇಕಾಯಿತು. ಚಾರ್ಟ್ ಈಗಲೂ ಗೋಡೆಯ ಮೇಲಿದೆ. ಟ್ರೇನರ್ ‘ಗ್ಲೂಟ್ ಇಎಂಜಿ’ ಎಂಬುದರ ಪಕ್ಕದಲ್ಲಿ ಸ್ಕೆಚ್ ಪೆನ್ನಿನಿಂದ ‘ಸಿಗ್ನಲ್ ಮಾತ್ರ’ ಎಂದು ಮರಾಠಿಯಲ್ಲಿ ಬರೆದಿದ್ದಾನೆ.